ಮೇಲಿನ ಮಹಡಿಯ ಶವರ್‌ಗೆ ಬಲ ಎಲ್ಲಿಂದ ಬರಬೇಕು?

ಎರಡು ಅಂತಸ್ತಿನ ಮನೆಯಲ್ಲಿ ನೀರಿನ ಮಟ್ಟಿಗೆ ಬಡವರು ಯಾವಾಗಲೂ ಮೇಲಿನ ಮಹಡಿಯವರೇ. ಟ್ಯಾಂಕ್ ಅವರ ತಲೆಯ ಮೇಲೆಯೇ ಕೂತಿರುತ್ತದೆ. ಆದರೂ ಕೆಳಗಿನ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಪಾತ್ರೆಗೆ ಬಡಿದು ಸೀರೆಯ ಮೇಲೆಲ್ಲ ಸಿಡಿಯುವ ರಭಸ. ಮೇಲಿನ ಬಚ್ಚಲಿನಲ್ಲಿ ಆಸೆಪಟ್ಟು ತಂದ ಅಗಲದ ಶವರ್‌ನ ನಡುವಿನ ನಾಲ್ಕು ತೂತುಗಳಲ್ಲಿ ಮಾತ್ರ ನೀರು ಇಳಿಯುತ್ತದೆ. ಮನೆಯೊಡತಿ ಪ್ಲಂಬರ್‌ನನ್ನು ಕರೆಸಿ ಕೇಳಿದರೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಎಲ್ಲ ಊರಿನಲ್ಲೂ ಒಂದೇ: 'ಟ್ಯಾಂಕ್ ಹತ್ರ ಇದೆಯಲ್ಲಾ ಮೇಡಂ, ಅದಕ್ಕೇ ಫೋರ್ಸ್ ಇಲ್ಲ. ಒಂದು ಪ್ರೆಶರ್ ಪಂಪ್ ಹಾಕಿಸಿಬಿಡಿ.'

ಅವನ ಮಾತಿನ ಮೊದಲರ್ಧ ಪೂರ್ತಿ ನಿಜ. ಎರಡನೆಯ ಅರ್ಧದ ಖರ್ಚನ್ನು ಮಾತ್ರ, ಮನೆ ಕಟ್ಟುವಾಗ ಟ್ಯಾಂಕಿನ ಜಾಗ ಮತ್ತು ಪೈಪಿನ ಅಳತೆಯ ಬಗ್ಗೆ ಅರ್ಧ ಗಂಟೆ ಕೂತು ಲೆಕ್ಕ ಹಾಕಿದ್ದರೆ ಬಹುಪಾಲು ತಪ್ಪಿಸಬಹುದಿತ್ತು.

ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಇರುವ ಬಲ ಒಂದೇ: ಎತ್ತರ. ಟ್ಯಾಂಕಿನಲ್ಲಿರುವ ನೀರಿನ ಮಟ್ಟಕ್ಕೂ ನಲ್ಲಿಯ ಬಾಯಿಗೂ ನಡುವೆ ಎಷ್ಟು ಅಡಿ ಇದೆಯೋ ಅಷ್ಟೇ ಅದರ ಆಸ್ತಿ. ಸುಮಾರು 33 ಅಡಿ ಎತ್ತರದ ನೀರು ಒಂದು ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ ಕೊಡುತ್ತದೆ; ಶವರ್ ಡಬ್ಬಿಯ ಮೇಲೆ 'ಒಂದು ಬಾರ್' ಎಂದು ಬರೆದಿರುವುದು ಹೆಚ್ಚುಕಡಿಮೆ ಇದನ್ನೇ. ಟ್ಯಾಂಕಿನಲ್ಲಿ 500 ಲೀಟರ್ ಇದೆಯೋ 2,000 ಲೀಟರ್ ಇದೆಯೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಟ್ಯಾಂಕ್ ಇಟ್ಟರೆ ನೀರು ಜೋರಾಗಿ ಬರುತ್ತದೆ ಎಂದು ನಂಬಿ, 1,000 ಲೀಟರಿನದನ್ನು ತೆಗೆಸಿ ಅದೇ ಜಾಗದಲ್ಲಿ 2,000 ಲೀಟರಿನದನ್ನು ಕೂರಿಸಿದವರಿಗೆ ನೀರು ಹೆಚ್ಚು ಹೊತ್ತು ಬಂದೀತೇ ಹೊರತು ಜೋರಾಗಿ ಬರುವುದಿಲ್ಲ.

ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಸಾಲುಸಾಲಾಗಿ ಕಾಣುವ 30×40 ನಿವೇಶನದ ಮನೆಯೊಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. ಕೆಳಗೆ ಹಾಲು, ಅಡುಗೆಮನೆ, ಒಂದು ಬಚ್ಚಲುಮನೆ. ಮೇಲೆ ಎರಡು ಮಲಗುವ ಕೋಣೆ, ಎರಡು ಬಚ್ಚಲುಮನೆ. ಮನೆಯಲ್ಲಿ ಐದು ಜನ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಕಟ್ಟಡ ಮಾನಕಗಳಲ್ಲಿ ಬಳಕೆಯಲ್ಲಿರುವ ಅಂದಾಜು. ಅಂದರೆ ದಿನಕ್ಕೆ 675 ಲೀಟರ್. ಕೆಳಗೆ ಸಂಪ್ ಇದ್ದೇ ಇರುವುದರಿಂದ ತಾರಸಿಯಲ್ಲಿ 1,000 ಲೀಟರಿನ ಒಂದು ಟ್ಯಾಂಕ್ ಇದ್ದರೆ ದಿನವೆಲ್ಲ ಕರೆಂಟ್ ಹೋದರೂ ಚಿಂತೆ ಇಲ್ಲ.

ಮೇಲಿನ ಮಹಡಿಯ ನೆಲದಿಂದ ತಾರಸಿಯ ಮೇಲ್ಮೈಗೆ ಹತ್ತೂವರೆ ಅಡಿ. ಶವರ್ ತಲೆ ನೆಲದಿಂದ ಏಳು ಅಡಿ ಎತ್ತರದಲ್ಲಿದೆ. ಟ್ಯಾಂಕನ್ನು ತಾರಸಿಯ ಮೇಲೆ ನೇರವಾಗಿ ಇಟ್ಟರೆ ಅದರ ತಳಕ್ಕೂ ಶವರ್‌ಗೂ ನಡುವೆ ಉಳಿಯುವುದು ಮೂರೂವರೆ ಅಡಿ. ಟ್ಯಾಂಕಿನೊಳಗಿನ ನೀರಿನ ಎತ್ತರ ಸುಮಾರು ನಾಲ್ಕು ಅಡಿ ಎಂದುಕೊಂಡರೆ ತುಂಬಿದಾಗ ಏಳೂವರೆ ಅಡಿ, ತಳ ಕಾಣುವ ಹೊತ್ತಿಗೆ ಮೂರೂವರೆ ಅಡಿ. ಕೆಳಗಿನ ಮಹಡಿಯ ಶವರ್‌ಗೆ ಇದೇ ಟ್ಯಾಂಕಿನಿಂದ 14ರಿಂದ 18 ಅಡಿ ಸಿಗುತ್ತದೆ. ಕೆಳಗಿನವರು ಕುಬೇರರು, ಮೇಲಿನವರು ತಿಂಗಳ ಕೊನೆಯ ಸಂಬಳದಾರರು. ಮೇಲಿನವರು ಪ್ರತಿ ಅಡಿಯನ್ನೂ ಎಣಿಸಿ ಖರ್ಚು ಮಾಡಬೇಕು.

ಖರ್ಚು ಆಗುವುದು ಪೈಪಿನಲ್ಲಿ.

ನೀರು ಹರಿಯುವಾಗ ಪೈಪಿನ ಗೋಡೆಗೆ ಉಜ್ಜಿಕೊಂಡು ಎತ್ತರದ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಪ್ರತಿ ಎಲ್ಬೋ, ಪ್ರತಿ ಟೀ, ಪ್ರತಿ ವಾಲ್ವ್ ತನ್ನ ಪಾಲನ್ನೂ ಕಿತ್ತುಕೊಳ್ಳುತ್ತದೆ. ಇದನ್ನು ಲೆಕ್ಕ ಹಾಕಲು ಎಂಜಿನಿಯರುಗಳು ಬಳಸುವ ಸೂತ್ರ ಹಳೆಯದು. ಹೇಜನ್ ಮತ್ತು ವಿಲಿಯಮ್ಸ್ ಎಂಬಿಬ್ಬರ ಹೆಸರಿನದು. ಸೂತ್ರ ಇಲ್ಲಿ ಬೇಡ, ಅದು ಕೊಡುವ ಉತ್ತರ ಸಾಕು. ನಮ್ಮ ಮನೆಯಲ್ಲಿ ಟ್ಯಾಂಕಿನಿಂದ ಮೇಲಿನ ಒಂದು ಬಚ್ಚಲಿಗೆ 40 ಅಡಿ ಪೈಪ್. ಎಲ್ಬೋ, ವಾಲ್ವುಗಳ ತಡೆಯನ್ನು ಪೈಪಿನ ಉದ್ದಕ್ಕೆ ಪರಿವರ್ತಿಸಿ ಸೇರಿಸಿದರೆ 65 ಅಡಿ. ಶವರ್‌ಗೆ ನಿಮಿಷಕ್ಕೆ ಒಂಬತ್ತು ಲೀಟರ್, ಜೊತೆಗೆ ವಾಷ್‌ಬೇಸಿನ್ನಿಗೆ ಆರು, ಒಟ್ಟು 15 ಲೀಟರ್ ಬೇಕು. ಈ 15 ಲೀಟರನ್ನು ಸಿಪಿವಿಸಿ ಪೈಪಿನಲ್ಲಿ ತರಲು, ಅರ್ಧ ಇಂಚಿನದಾದರೆ 25 ಅಡಿಗೂ ಹೆಚ್ಚು ಎತ್ತರ ಬೇಕು. ಮುಕ್ಕಾಲು ಇಂಚಿನದಾದರೆ ನಾಲ್ಕೂಕಾಲು ಅಡಿ. ಒಂದು ಇಂಚಿನದಾದರೆ ಒಂದೂಕಾಲು ಅಡಿಗಿಂತ ಕಡಿಮೆ. ಒಂದೂಕಾಲು ಇಂಚಿನದಾದರೆ ಐದೇ ಐದು ಅಂಗುಲ.

ಈ ನಾಲ್ಕು ಉತ್ತರಗಳನ್ನು ಮತ್ತೊಮ್ಮೆ ಓದಿಕೊಳ್ಳಬೇಕು. ಟ್ಯಾಂಕ್ ತಳ ಕಾಣುವ ಹೊತ್ತಿಗೆ ನಮ್ಮ ಕೈಯಲ್ಲಿರುವುದು ಮೂರೂವರೆ ಅಡಿ. ಮುಕ್ಕಾಲು ಇಂಚಿನ ಪೈಪ್ ಕೇಳುವುದು ನಾಲ್ಕೂಕಾಲು. ಅಂದರೆ 15 ಲೀಟರ್ ಬರುವುದೇ ಇಲ್ಲ. ಎಷ್ಟು ಬಂದರೆ ಲೆಕ್ಕ ಸರಿಹೋಗುತ್ತದೋ ಅಷ್ಟಕ್ಕೆ ನೀರು ತಾನಾಗಿಯೇ ಕುಗ್ಗುತ್ತದೆ. ಅದೇ ಜಾಗದಲ್ಲಿ ಒಂದು ಇಂಚಿನ ಪೈಪ್ ಇದ್ದಿದ್ದರೆ ಎರಡು ಅಡಿಗೂ ಹೆಚ್ಚು ಎತ್ತರ ಇನ್ನೂ ಶವರ್‌ಗೆ ಉಳಿಯುತ್ತಿತ್ತು. ಮನೆ ಪೂರ್ತಿ ಮುಕ್ಕಾಲರ ಬದಲು ಒಂದು ಇಂಚು ಹಾಕಿಸಲು ತಗಲುವ ಹೆಚ್ಚುವರಿ ಖರ್ಚು ಕೆಲವು ಸಾವಿರ ರೂಪಾಯಿ. ಇದೇ ಮನೆಗೆ ಟೈಲ್ಸ್ ಆರಿಸುವಾಗ ಅಷ್ಟು ಹಣದ ಬಗ್ಗೆ ಯಾರೂ ಎರಡು ಮಾತಾಡುವುದಿಲ್ಲ.

'ಪೈಪ್ ಸಣ್ಣದಾದಷ್ಟೂ ಫೋರ್ಸ್ ಜಾಸ್ತಿ' ಎಂಬ ನಂಬಿಕೆಯೂ ಕೆಲಸದ ಜಾಗದಲ್ಲಿ ಬೇರೂರಿದೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುವುದನ್ನು ಎಲ್ಲರೂ ಕಂಡಿದ್ದಾರೆ, ನಂಬಿಕೆಗೆ ಅದೇ ಮೂಲ. ಆದರೆ ಅಲ್ಲಿ ಕಿರಿದಾದದ್ದು ಬಾಯಿ ಮಾತ್ರ, ಹಿಂದಿನ ಪೈಪ್ ಅಲ್ಲ. ಬೆರಳು ಒತ್ತಿದಾಗ ಹೊರಬೀಳುವ ನೀರಿನ ಮೊತ್ತ ಕಡಿಮೆಯಾಗುತ್ತದೆ. ಅದರಿಂದ ಹಿಂದಿನ ಪೈಪಿನಲ್ಲಿ ಉಜ್ಜಾಟ ತಗ್ಗಿ, ಉಳಿದ ಒತ್ತಡವೆಲ್ಲ ಬಾಯಿಗೆ ಬಂದು ಸೇರುತ್ತದೆ. ಶವರ್‌ನ ಸಣ್ಣ ತೂತುಗಳು ಮಾಡುವ ಕೆಲಸವೂ ಅದೇ. ಇಡೀ ಪೈಪನ್ನೇ ಕಿರಿದು ಮಾಡಿದರೆ ಒತ್ತಡ ಬಾಯಿಗೆ ಬರುವ ಮೊದಲೇ ದಾರಿಯಲ್ಲಿ ಕರಗಿಹೋಗಿರುತ್ತದೆ.

ಪೈಪಿನ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಹಳೆಯ ಜಿಐ ಪೈಪಿನ ಕಾಲದಲ್ಲಿ ಅರ್ಧ ಇಂಚು ಎಂದರೆ ಒಳಗಿನ ತೂತು ಸುಮಾರು 16 ಮಿಲಿಮೀಟರ್ ಇರುತ್ತಿತ್ತು. ಇಂದು ಮನೆಮನೆಗೆ ಬಂದಿರುವ ಸಿಪಿವಿಸಿಯಲ್ಲಿ ಅರ್ಧ ಇಂಚು ಎಂದರೆ ಹೊರಗಿನ ಅಳತೆಯೇ ಹತ್ತಿರಹತ್ತಿರ 16 ಮಿಲಿಮೀಟರ್. ಗೋಡೆಯ ದಪ್ಪ ಕಳೆದರೆ ನೀರಿಗೆ ಉಳಿಯುವುದು 12ರಿಂದ 13. ಮುಕ್ಕಾಲು ಇಂಚಿನದರಲ್ಲಿ ಸುಮಾರು 18, ಒಂದು ಇಂಚಿನದರಲ್ಲಿ 23ರಿಂದ 24. ಜಿಐ ಒಳಗೊಳಗೇ ತುಕ್ಕು ಹಿಡಿದು, ಗಡಸು ನೀರಿನ ಸುಣ್ಣ ಕಟ್ಟಿ ಕಿರಿದಾಗುತ್ತದೆ. ಸಿಪಿವಿಸಿಗೆ ತುಕ್ಕಿನ ಕಾಟವಿಲ್ಲ, ಒಳಮೈ ನುಣುಪು. ಅದು ಒಳ್ಳೆಯ ಪೈಪೇ. ಆದರೆ 'ಹಿಂದೆ ಅಪ್ಪನ ಕಾಲದಲ್ಲಿ ಅರ್ಧ ಇಂಚೇ ಇತ್ತು, ಚೆನ್ನಾಗೇ ಬರ್ತಿತ್ತು' ಎಂದು ಅದೇ ಅಳತೆಯನ್ನು ಸಿಪಿವಿಸಿಯಲ್ಲಿ ಹಾಕಿಸಿದವರು ನೀರಿನ ದಾರಿಯನ್ನು ತಿಳಿಯದೆಯೇ ನೂರಕ್ಕೆ ನಲವತ್ತರಷ್ಟು ಕಿರಿದು ಮಾಡಿರುತ್ತಾರೆ. ಒಂದು ಇಂಚಿನ ಸಿಪಿವಿಸಿ, ಅದೇ ಎತ್ತರದಿಂದ ಅದೇ ದೂರಕ್ಕೆ, ಅರ್ಧ ಇಂಚಿನದಕ್ಕಿಂತ ಐದು ಪಟ್ಟು ನೀರು ತರುತ್ತದೆ.

ಇಷ್ಟು ಒಬ್ಬರೇ ಸ್ನಾನ ಮಾಡುವಾಗಿನ ಮಾತಾಯಿತು. ಮನೆಯ ನಿಜವಾದ ಪರೀಕ್ಷೆ ಬೆಳಿಗ್ಗೆ ಏಳರಿಂದ ಎಂಟರವರೆಗೆ. ಮೇಲೆ ಮಗಳು ಸ್ನಾನಕ್ಕೆ ನಿಂತಿದ್ದಾಳೆ, ಕೆಳಗೆ ಅಜ್ಜ ಬಕೆಟ್‌ಗೆ ನೀರು ಬಿಟ್ಟಿದ್ದಾರೆ. ಮೇಲಿನ ಶವರ್ ತಟ್ಟನೆ ಸೊರಗಿ ನಿಲ್ಲುತ್ತದೆ. 'ತಾತಾ, ನಲ್ಲಿ ನಿಲ್ಸು!' ಎಂಬ ಕೂಗು ಎಷ್ಟೋ ಮನೆಗಳಲ್ಲಿ ದಿನಚರಿಯ ಭಾಗವೇ ಆಗಿಬಿಟ್ಟಿದೆ.

ಇದಕ್ಕೆ ಕಾರಣ, ಎರಡೂ ಮಹಡಿಗೆ ಒಂದೇ ಇಳಿಪೈಪ್. ಉಜ್ಜಾಟದ ನಷ್ಟ ನೀರಿನ ಪ್ರಮಾಣಕ್ಕೆ ಸರಿಯಾಗಿ ಏರುವುದಿಲ್ಲ, ಅದಕ್ಕಿಂತ ಬಹಳ ಬೇಗ ಏರುತ್ತದೆ. ಹರಿವು ಎರಡು ಪಟ್ಟಾದರೆ ನಷ್ಟ ಮೂರೂವರೆ ಪಟ್ಟು ದಾಟುತ್ತದೆ. ಅಜ್ಜನ ಬಕೆಟ್ ನಿಮಿಷಕ್ಕೆ 20 ಲೀಟರ್ ಎಳೆಯುತ್ತಿದೆ, ಮೇಲಿನ ಬಚ್ಚಲಿಗೆ 15 ಬೇಕು. ಒಟ್ಟು 35 ಲೀಟರ್ ಒಂದೇ ಮುಕ್ಕಾಲು ಇಂಚಿನ ಪೈಪಿನಲ್ಲಿ ಬರಬೇಕು. ಆ ಜಂಟಿ ದಾರಿ ಎಲ್ಬೋಗಳನ್ನೂ ಸೇರಿಸಿ 50 ಅಡಿ ಇದ್ದರೂ ಅಲ್ಲಿಯೇ 16 ಅಡಿ ಎತ್ತರ ಖರ್ಚಾಗಬೇಕು. ಅಷ್ಟು ಎತ್ತರ ಮೇಲಿನ ಮಹಡಿಯ ಬಳಿ ಇಲ್ಲವೇ ಇಲ್ಲ. ಕೆಳಗಿನ ನಲ್ಲಿಯ ಬಳಿ ಇದೆ, ಹಾಗಾಗಿ ನೀರೆಲ್ಲ ಅತ್ತ ಓಡುತ್ತದೆ. ಒಮ್ಮೊಮ್ಮೆ ಮೇಲಿನ ಶವರ್ ನೀರು ಬಿಡುವ ಬದಲು ಒಳಕ್ಕೆ ಗಾಳಿ ಎಳೆದುಕೊಳ್ಳುವುದೂ ಉಂಟು. 'ಸುಯ್' ಎಂಬ ಸದ್ದು ಕೇಳಿಸಿದರೆ ಅದೇ.

ಪರಿಹಾರ ಸರಳ. ಟ್ಯಾಂಕಿನ ಬುಡದಲ್ಲಿ ಒಂದೂವರೆ ಇಂಚಿನ ಅಡ್ಡಪೈಪ್ ಕೂರಿಸಿ, ಅದರಿಂದ ಮೇಲಿನ ಮಹಡಿಗೆ ಒಂದು, ಕೆಳಗಿನ ಮಹಡಿಗೆ ಒಂದು ಎಂದು ಬೇರೆ ಬೇರೆ ಇಳಿಪೈಪ್ ಬಿಡಬೇಕು. ಪ್ರತಿಯೊಂದಕ್ಕೂ ಒಂದು ವಾಲ್ವ್. ಮೇಲಿನ ಎರಡು ಬಚ್ಚಲಿಗೆ ಒಂದೇ ಇಳಿಪೈಪ್ ಆದರೆ ಅದು ಒಂದೂಕಾಲು ಇಂಚಿನದಿರಲಿ: ಎರಡೂ ಕಡೆ ಸ್ನಾನ ನಡೆದು ನಿಮಿಷಕ್ಕೆ 30 ಲೀಟರ್ ಹರಿದರೂ ಅದು ತಿನ್ನುವುದು ಒಂದೂವರೆ ಅಡಿ. ಒಂದು ಇಂಚಿನದಾದರೆ ಅದೇ ಹರಿವಿಗೆ ನಾಲ್ಕೂಕಾಲು ಅಡಿ. ಕೆಳಗಿನ ಮಹಡಿ ಶ್ರೀಮಂತ, ಅದಕ್ಕೆ ಒಂದು ಇಂಚು ಧಾರಾಳ. ಬಚ್ಚಲಿನೊಳಗೆ ಮುಕ್ಕಾಲು ಇಂಚು ಸುತ್ತಿಸಿ, ನಲ್ಲಿಗೆ ಏರುವ ಕೊನೆಯ ಕೆಲವು ಅಡಿಗೆ ಮಾತ್ರ ಅರ್ಧ ಇಂಚು ಬಳಸಬೇಕು. ಅರ್ಧ ಇಂಚಿನಲ್ಲಿ ಒಂದು ಶವರ್‌ನ ಒಂಬತ್ತು ಲೀಟರ್ ಹರಿಸಲು ಪ್ರತಿ ಹತ್ತು ಅಡಿಗೆ ಒಂದೂವರೆ ಅಡಿ ಎತ್ತರ ಕೊಡಬೇಕಾಗುತ್ತದೆ. ಬಚ್ಚಲಿನ ನಾಲ್ಕೂ ಗೋಡೆಗೆ ಅರ್ಧ ಇಂಚನ್ನೇ ಸುತ್ತಿಸುವ ಪ್ಲಂಬರ್‌ಗೆ ಮಾಲು ಉಳಿಯುತ್ತದೆ, ಗೋಡೆ ಕೊರೆಯುವ ಶ್ರಮವೂ ಉಳಿಯುತ್ತದೆ. ಉಳಿಯದೇ ಇರುವುದು ನೀರಿನ ಬಲ.

ಇಷ್ಟಾದ ಮೇಲೂ ತಾರಸಿಯ ಮೇಲೆ ನೇರವಾಗಿ ಕೂತ ಟ್ಯಾಂಕಿನಿಂದ ಮೇಲಿನ ಮಹಡಿಗೆ ಪೂರ್ತಿ ಸುಖವಿಲ್ಲ. ಇಳಿಪೈಪಿಗೆ ಒಂದೂವರೆ ಅಡಿ, ಬಚ್ಚಲಿನ ಒಳಪೈಪಿಗೆ ಎರಡೂವರೆ ಅಡಿ ಎಂದರೂ ನಾಲ್ಕು ಅಡಿ ಆಯಿತು. ಕೈಯಲ್ಲಿರುವುದು ಮೂರೂವರೆ. ಟ್ಯಾಂಕ್ ತುಂಬಿದ್ದಾಗ ಶವರ್ ಚೆನ್ನಾಗಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ. ಹಾಗಾಗಿ ಟ್ಯಾಂಕ್ ಮೇಲಕ್ಕೆ ಹೋಗಲೇಬೇಕು. ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಸಿದ್ಧವಾದ ಜಾಗವೂ ಇದೆ: ತಾರಸಿಗೆ ಹತ್ತುವ ಮೆಟ್ಟಿಲಿನ ಹೆಡ್‌ರೂಮ್. ಅದರ ಮಾಡು ತಾರಸಿಯಿಂದ ಸುಮಾರು ಎಂಟು ಅಡಿ ಎತ್ತರ. ಅಲ್ಲಿ ಟ್ಯಾಂಕ್ ಕೂತರೆ ಮೇಲಿನ ಶವರ್‌ಗೆ ಹನ್ನೊಂದೂವರೆಯಿಂದ ಹದಿನೈದೂವರೆ ಅಡಿ. ನಾಲ್ಕು ಅಡಿ ಪೈಪಿಗೆ ಹೋದರೂ, ಟ್ಯಾಂಕ್ ತಳ ಕಂಡಾಗಲೂ ಏಳೂವರೆ ಅಡಿ ಉಳಿಯಿತು. ಸಾಮಾನ್ಯ ಶವರ್‌ಗೆ ಇದು ಸಾಕು.

ಸಾಮಾನ್ಯ ಎಂಬ ಮಾತನ್ನು ಗಮನಿಸಬೇಕು. ಅಂಗಡಿಯ ಗಾಜಿನ ಹಿಂದೆ ಮಳೆಯಂತೆ ಸುರಿಯುವ ಅಗಲದ ಶವರ್‌ಗಳು, ಗೋಡೆಯೊಳಗೆ ಅಡಗುವ ಡೈವರ್ಟರ್‌ಗಳು ಅರ್ಧ ಬಾರ್‌ನಿಂದ ಒಂದು ಬಾರ್ ಒತ್ತಡ ಕೇಳುವಂಥವು ಬಹಳ. ಅಂದರೆ 17ರಿಂದ 33 ಅಡಿ. ಎರಡು ಅಂತಸ್ತಿನ ಮನೆಯ ಮೇಲಿನ ಮಹಡಿಗೆ ಬರೀ ಎತ್ತರದಿಂದ ಇಷ್ಟು ಕೊಡುವುದು ಆಗದ ಮಾತು. ಕೊಳ್ಳುವ ಮೊದಲು ಡಬ್ಬಿಯ ಮೇಲೆ ಬರೆದ ಕನಿಷ್ಠ ಒತ್ತಡವನ್ನು ನೋಡಿಕೊಳ್ಳದಿದ್ದರೆ ಅಂಗಡಿಯಲ್ಲಿ ಕಂಡ ಮಳೆ ಅಂಗಡಿಯಲ್ಲೇ ಉಳಿಯುತ್ತದೆ.

ಹೆಡ್‌ರೂಮಿನ ಮೇಲೆ ಟ್ಯಾಂಕ್ ಎಂದು ಗೃಹಪ್ರವೇಶದ ಹಿಂದಿನ ವಾರ ತೀರ್ಮಾನಿಸುವುದು ಮಾತ್ರ ಅಪಾಯ. ಸಾವಿರ ಲೀಟರ್ ನೀರೆಂದರೆ ಒಂದು ಟನ್. ಟ್ಯಾಂಕಿನ ತಳ ಮೂರೂವರೆ ಅಡಿ ಅಗಲ. ಅಷ್ಟು ಜಾಗದ ಮೇಲೆ ಬೀಳುವ ಭಾರ ಒಂದು ಚದರ ಮೀಟರಿಗೆ ಸಾವಿರ ಕೆ.ಜಿ. ಮೀರುತ್ತದೆ. ಜನ ಓಡಾಡುವ ತಾರಸಿಗೆ ಎಂಜಿನಿಯರ್ ಸಾಮಾನ್ಯವಾಗಿ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ 150 ಕೆ.ಜಿ.ಯ ಆಸುಪಾಸು. ಆದ್ದರಿಂದ ಟ್ಯಾಂಕ್ ಎಲ್ಲಿ ಕೂರುತ್ತದೆ, ಎಷ್ಟು ಲೀಟರಿನದು ಎಂಬುದು ಮೋಲ್ಡ್ ಹಾಕುವ ಮೊದಲೇ ಎಂಜಿನಿಯರ್‌ಗೆ ತಿಳಿದಿರಬೇಕು. ಹೆಡ್‌ರೂಮಿನ ಗೋಡೆಗಳು ಕೆಳಗಿನ ಪಿಲ್ಲರ್, ಬೀಮುಗಳ ಮೇಲೆಯೇ ಎದ್ದಿದ್ದರೆ ಭಾರ ನೆಟ್ಟಗೆ ಅಡಿಪಾಯಕ್ಕೆ ಇಳಿಯುತ್ತದೆ. ಬರೀ ಸ್ಲ್ಯಾಬ್ ಮೇಲೆ ನಾಲ್ಕೂವರೆ ಇಂಚಿನ ಗೋಡೆ ಎಬ್ಬಿಸಿ ಮಾಡು ಹಾಕಿದ್ದರೆ ಅಲ್ಲಿ ಟ್ಯಾಂಕ್ ಸಲ್ಲದು. ಹೆಡ್‌ರೂಮ್ ಇಲ್ಲದ ಮನೆಯಲ್ಲಿ ಪಿಲ್ಲರ್‌ಗಳ ನೇರಕ್ಕೆ ನಾಲ್ಕು ಕಾಲು ಎಬ್ಬಿಸಿ ಕಾಂಕ್ರೀಟ್ ಹಾಸು ಕಟ್ಟಬೇಕು. ಪ್ಲಾಸ್ಟಿಕ್ ಟ್ಯಾಂಕಿನ ತಳ ಪೂರ್ತಿ ಸಮತಟ್ಟಾದ ಹಾಸಿನ ಮೇಲೆ ಕೂರಬೇಕು. ಕಬ್ಬಿಣದ ಆಂಗಲ್‌ಗಳ ಮೇಲೆ ಅಂಚು ಮಾತ್ರ ತಾಗುವಂತೆ ಇಟ್ಟರೆ ತಳ ಜೋಲುಬಿದ್ದು ಕೊನೆಗೆ ಸೀಳುತ್ತದೆ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಖಾಲಿ ಟ್ಯಾಂಕ್ ಉರುಳಬಹುದು, ಕಟ್ಟಿ ಹಾಕುವುದು ಕ್ಷೇಮ.

ಜಾಗದ ಮಾತು ಬಂದಾಗ ವಾಸ್ತು ಬರದೇ ಇರುವುದಿಲ್ಲ. ಟ್ಯಾಂಕ್ ನೈಋತ್ಯಕ್ಕೆ, ಸಂಪ್ ಈಶಾನ್ಯಕ್ಕೆ ಎಂಬುದು ಬಹುಪಾಲು ಮನೆಗಳಲ್ಲಿ ಚರ್ಚೆಗೆ ಅವಕಾಶವಿಲ್ಲದ ವಿಷಯ. ಬಚ್ಚಲುಮನೆಗಳು ವಾಯವ್ಯದಲ್ಲೋ ಆಗ್ನೇಯದಲ್ಲೋ ಇದ್ದರೆ ಪೈಪ್ ತಾರಸಿಯ ಒಂದು ಬದಿಯಿಂದ ಇನ್ನೊಂದು ಬದಿಗೆ 30–40 ಅಡಿ ನಡೆಯಬೇಕು. ಇದಕ್ಕಾಗಿ ಮನೆಯ ಹಿರಿಯರ ಜೊತೆ ಜಗಳ ಕಾಯುವ ಅಗತ್ಯವಿಲ್ಲ. 40 ಅಡಿ ಹೆಚ್ಚಾದರೆ ಮುಕ್ಕಾಲು ಇಂಚಿನ ಪೈಪಿನಲ್ಲಿ ನಿಮಿಷಕ್ಕೆ 15 ಲೀಟರ್ ಹರಿಯುವಾಗ ಎರಡೂವರೆ ಅಡಿಗೂ ಮೀರಿ ನಷ್ಟ. ಒಂದೂಕಾಲು ಇಂಚಿನದರಲ್ಲಿ ಮೂರು ಅಂಗುಲ. ವಾಸ್ತು ದೋಷಕ್ಕೆ ಎಷ್ಟೋ ಪರಿಹಾರಗಳಿರುವಂತೆ, ವಾಸ್ತುವಿನಿಂದ ಆಗುವ ಈ ದೋಷಕ್ಕೂ ಪರಿಹಾರವಿದೆ: ದಪ್ಪದ ಪೈಪ್.

ಕರ್ನಾಟಕದ ತಾರಸಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸೋಲಾರ್ ವಾಟರ್ ಹೀಟರ್ ಕೂಡ ಟ್ಯಾಂಕಿನ ಎತ್ತರವನ್ನು ತೀರ್ಮಾನಿಸುತ್ತದೆ. ಕೊಳವೆಗಳ ಮೇಲೆ ಅಡ್ಡಲಾಗಿ ಮಲಗಿರುವ ಅದರ ಬಿಸಿನೀರಿನ ಟ್ಯಾಂಕ್ ತಾರಸಿಯಿಂದ ಐದಾರು ಅಡಿ ಎತ್ತರದಲ್ಲಿರುತ್ತದೆ. ತಣ್ಣೀರಿನ ಟ್ಯಾಂಕಿನ ತಳ ಅದರ ತಲೆಗಿಂತ ಮೇಲಿರಬೇಕು, ಇಲ್ಲವಾದರೆ ಸೋಲಾರ್ ಪೂರ್ತಿ ತುಂಬುವುದೇ ಇಲ್ಲ. ತಾರಸಿಯ ಮೇಲೆ ನೇರವಾಗಿ ಟ್ಯಾಂಕ್ ಕೂರಿಸಿದ ಮನೆಯಲ್ಲಿ ಸೋಲಾರ್‌ನವರು ಬಂದ ದಿನವೇ ಟ್ಯಾಂಕ್ ಎತ್ತುವ ಮಾತೂ ಬರುತ್ತದೆ. ಹೆಡ್‌ರೂಮ್ ಮೇಲಿನ ಟ್ಯಾಂಕ್ ಎರಡೂ ಸಮಸ್ಯೆಯನ್ನು ಒಟ್ಟಿಗೆ ಬಗೆಹರಿಸುತ್ತದೆ.

ಎತ್ತರವೂ ಇದೆ, ಪೈಪೂ ದಪ್ಪವಿದೆ, ಆದರೂ ನೀರಿಲ್ಲ ಎಂಬ ಮನೆಗಳೂ ಇವೆ. ಅಲ್ಲಿ ಅನುಮಾನಿಸಬೇಕಾದದ್ದು ಗಾಳಿಯನ್ನು. ಟ್ಯಾಂಕಿನಿಂದ ಹೊರಟ ಪೈಪ್ ನೆಟ್ಟಗೆ ಇಳಿಜಾರಿನಲ್ಲಿ ಹೋಗದೆ, ಪ್ಯಾರಪೆಟ್ ಗೋಡೆಯನ್ನು ಹತ್ತಿ ಆಚೆ ಇಳಿಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಗೋಡೆಗೆ ತೂತು ಹೊಡೆಯಲು ಬೇಸರಪಟ್ಟವರ ಕೆಲಸ ಅದು. ಆ ಗೂನಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಟ್ಯಾಂಕಿನ ನೀರಿನ ಮಟ್ಟ ಗೂನಿಗಿಂತ ಕೆಳಗಿಳಿದಾಗ ಅದನ್ನು ತಳ್ಳಿಕೊಂಡು ಹೋಗುವ ಬಲ ನೀರಿಗೆ ಇರುವುದಿಲ್ಲ. ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಮೇಲಿನ ನಲ್ಲಿಗಳು ಕೆಮ್ಮುತ್ತಾ, ಉಗುಳುತ್ತಾ, ಆಮೇಲೆ ಸುಮ್ಮನಾಗುವುದು ಇದರ ಗುರುತು. ಪ್ಯಾರಪೆಟ್ಟಿಗೆ ತೂತು ಹೊಡೆದು ಪೈಪನ್ನು ಟ್ಯಾಂಕಿನಿಂದ ಇಳಿಜಾರಾಗಿಯೇ ಒಯ್ಯಬೇಕು. ಪ್ರತಿ ಇಳಿಪೈಪಿನಲ್ಲೂ ವಾಲ್ವ್ ದಾಟಿದ ಕೂಡಲೇ ಒಂದು ಟೀ ಕೂರಿಸಿ, ಅದರಿಂದ ಗಾಳಿಪೈಪೊಂದನ್ನು ಟ್ಯಾಂಕಿನ ಓವರ್‌ಫ್ಲೋ ಮಟ್ಟಕ್ಕಿಂತ ಮೇಲಕ್ಕೆ ಎಬ್ಬಿಸಿ ಬಾಯಿಯನ್ನು ಕೆಳಮುಖ ಬಗ್ಗಿಸಬೇಕು. ಸಿಕ್ಕಿಬಿದ್ದ ಗಾಳಿ ಅದರಿಂದ ಹೊರಬೀಳುತ್ತದೆ. ಕೆಳಗಿನ ಎಳೆತ ಜೋರಾದಾಗ ಪೈಪಿಗೆ ಬೇಕಾದ ಗಾಳಿಯೂ ಅದರಿಂದಲೇ ಬರುತ್ತದೆ, ಶವರ್‌ನಿಂದ ಅಲ್ಲ.

ಈಗಾಗಲೇ ಕಟ್ಟಿದ ಮನೆಯಲ್ಲಿ ತೊಂದರೆ ಯಾವುದೆಂದು ಗುರುತಿಸಲು ಒಂದು ಬಕೆಟ್ಟು, ಒಂದು ಗಡಿಯಾರ ಸಾಕು. ಟ್ಯಾಂಕ್ ತುಂಬಿಸಿ, ಮನೆಯ ಬೇರೆಲ್ಲ ನಲ್ಲಿ ನಿಲ್ಲಿಸಿ, ಮೇಲಿನ ಬಚ್ಚಲಿನ ಕೆಳನಲ್ಲಿಯಿಂದ 15 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಬೇಕು. ಸುಮಾರು ಒಂದು ನಿಮಿಷದಲ್ಲಿ ತುಂಬಿದರೆ ಪೈಪ್ ಆರೋಗ್ಯವಾಗಿದೆ. ಹಾಗಿದ್ದೂ ಶವರ್ ಮಾತ್ರ ಸೊರಗಿದ್ದರೆ ತಪ್ಪು ಶವರ್‌ನದು, ಅದರ ಜಾಲರಿಯಲ್ಲಿ ಕಸ ಅಥವಾ ಸುಣ್ಣ ಕೂತಿರಬಹುದು, ಇಲ್ಲವೇ ಅದು ಕೇಳುವ ಒತ್ತಡವೇ ಹೆಚ್ಚಿರಬಹುದು. ಆಮೇಲೆ ಕೆಳಗಿನ ನಲ್ಲಿಯನ್ನೂ ತೆರೆದು ಮತ್ತೆ ಬಕೆಟ್ ಹಿಡಿಯಬೇಕು. ಈಗ ಹೊತ್ತು ಎರಡು ಮೂರು ಪಟ್ಟಾದರೆ ಜಂಟಿ ಪೈಪ್ ಕಿರಿದು ಎಂದರ್ಥ. ಟ್ಯಾಂಕ್ ತಳ ಕಾಣುವಾಗ ಮೂರನೆಯ ಸಲ ಅಳೆದು, ಆಗ ಮಾತ್ರ ಬಹಳ ಕುಗ್ಗಿದ್ದರೆ ಕೊರತೆ ಎತ್ತರದ್ದು. ಟ್ಯಾಂಕ್ ತುಂಬಿದ್ದರೂ, ಬೇರೆಲ್ಲ ನಿಂತಿದ್ದರೂ ಬಕೆಟ್ ತುಂಬಲು ಐದು ನಿಮಿಷ ಎಂದರೆ ಎಲ್ಲೋ ಅಡ್ಡಿ ಇದೆ: ಗಾಳಿ, ಅರ್ಧ ಮುಚ್ಚಿಕೊಂಡ ವಾಲ್ವ್, ಅಥವಾ ಟ್ಯಾಂಕಿನ ಬಾಯಲ್ಲೇ ಯಾರೋ ಕೂರಿಸಿದ ಅರ್ಧ ಇಂಚಿನ ನಿಪ್ಪಲ್. ಕೊನೆಯದು ಅಪರೂಪವಲ್ಲ.

ಜಂಟಿ ಪೈಪೇ ಕಾರಣವಾದರೆ ಟೈಲ್ಸ್ ಒಡೆಯಬೇಕಿಲ್ಲ. ಮನೆಯ ಹೊರಗೋಡೆಯ ಮೇಲೆ ಮೇಲಿನ ಮಹಡಿಗೆಂದೇ ಹೊಸ ಇಳಿಪೈಪ್ ಇಳಿಸಿ, ಬಚ್ಚಲಿನ ಒಳಪೈಪನ್ನು ಹಳೆಯದರಿಂದ ಕತ್ತರಿಸಿ ಇದಕ್ಕೆ ಜೋಡಿಸಿದರೆ ಆಯಿತು.

ಎತ್ತರವೇ ಇಲ್ಲ, ಏರಿಸಲೂ ಆಗದು ಎಂದಾಗ ಉಳಿಯುವುದು ಪ್ರೆಶರ್ ಪಂಪ್. ಇಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ತಣ್ಣೀರಿನ ಪೈಪಿಗೆ ಮಾತ್ರ ಪಂಪ್ ಕೂರಿಸಿ ಸೋಲಾರ್‌ನ ಬಿಸಿನೀರನ್ನು ಹಾಗೆಯೇ ಬಿಟ್ಟರೆ, ಶವರ್‌ನ ಮಿಕ್ಸರ್ ತೆರೆದ ಕೂಡಲೇ ಬಲಶಾಲಿಯಾದ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಬಿಸಿನೀರು ಬರುವುದೇ ನಿಂತುಹೋಗುತ್ತದೆ. ಜನ ಸೋಲಾರ್ ಕೆಟ್ಟಿತೆಂದು ಅದರವರಿಗೆ ಫೋನ್ ಮಾಡುತ್ತಾರೆ; ತಾರಸಿಗೆ ಹತ್ತಿ ನೋಡಿದರೆ ಸೋಲಾರ್‌ನ ಗಾಳಿಪೈಪಿನಿಂದ ನೀರು ಸುರಿಯುತ್ತಿರುತ್ತದೆ. ಪಂಪ್ ಹಾಕುವುದಾದರೆ ಎರಡೂ ಪೈಪಿಗೆ ಸಮಬಲದ ಪಂಪ್ ಇರಬೇಕು, ಬಿಸಿನೀರಿನದು ಆ ಬಿಸಿ ತಾಳುವಂಥದ್ದಾಗಿರಬೇಕು. ಅದು ಕೂರಬೇಕಾದದ್ದು ಸೋಲಾರ್ ಟ್ಯಾಂಕಿನಿಂದ ನೀರು ಹೊರಬಂದ ಮೇಲೆ, ಟ್ಯಾಂಕಿಗೆ ನೀರು ಹೋಗುವ ಕಡೆ ಅಲ್ಲ. ಮನೆಗಳಲ್ಲಿರುವ ಸಾಮಾನ್ಯ ಸೋಲಾರ್ ಟ್ಯಾಂಕ್ ಪಂಪಿನ ಒತ್ತಡ ತಾಳುವಂತೆ ಮಾಡಿದ್ದಲ್ಲ.